ತೇಲುವ ಅಕ್ಕಿಯನ್ನು ಚೆಲ್ಲಬೇಡಿ

ನಮ್ಮ ಬೀದಿಯ ಮೂರನೇ ಮನೆಯವರು ಮೊನ್ನೆ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದ ಪಾತ್ರೆ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. "ಅಕ್ಕಾ, ನೋಡಿ ಇಲ್ಲಿ, ರೇಷನ್ ಅಕ್ಕಿಲಿ ಪ್ಲಾಸ್ಟಿಕ್ ಅಕ್ಕಿ! ಮಕ್ಕಳಿಗೆ ಹೇಗೆ ಹಾಕೋದು ಇದನ್ನ?" ಅಂದರು. ನೀರಿನ ಮೇಲೆ ಹದಿನೈದಿಪ್ಪತ್ತು ಕಾಳು ತೇಲುತ್ತಿದ್ದವು. ಉಳಿದ ಅಕ್ಕಿಗಿಂತ ಸ್ವಲ್ಪ ಮಾಸಲು ಬಣ್ಣ, ಮೈ ಎಲ್ಲ ಒಂದೇ ಸಮ. ಇಷ್ಟು ದಿನ ಅವರು ಅದನ್ನೆಲ್ಲ ಬಗ್ಗಿಸಿ ಚೆಲ್ಲುತ್ತಿದ್ದರಂತೆ, ಮುಳುಗಿದ್ದನ್ನೂ ಆರಿಸಿ ಎಸೆಯುತ್ತಿದ್ದರಂತೆ.

ನಾನು ಒಂದು ಹತ್ತು ಕಾಳನ್ನು ಲೋಟದ ನೀರಿಗೆ ಹಾಕಿಟ್ಟೆ. ಕಾಫಿ ಕುಡಿದು ಅದೂ ಇದೂ ಮಾತಾಡುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಆಮೇಲೆ ಒಂದು ಕಾಳು ತೆಗೆದು ಅವರ ಕೈಗೇ ಕೊಟ್ಟೆ, ಉಗುರಲ್ಲಿ ಒತ್ತಿ ನೋಡಿ ಅಂದೆ. ಹಿಟ್ಟಾಗಿ ಹೋಯಿತು. ಪ್ಲಾಸ್ಟಿಕ್ ಆಗಿದ್ದರೆ ಹೀಗೆ ಹಿಟ್ಟಾಗುತ್ತಿತ್ತಾ?

ಅದು ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಕಲಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸಿರುತ್ತಾರೆ. 100 ಕಿಲೋ ಅಕ್ಕಿಗೆ 1 ಕಿಲೋ ಲೆಕ್ಕದಲ್ಲಿ ಬೆರೆಸುತ್ತಾರೆ. 2024ರ ಹೊತ್ತಿಗೆ ದೇಶದ ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆಲ್ಲ ಈ ಅಕ್ಕಿಯನ್ನೇ ಕೊಡುವ ವ್ಯವಸ್ಥೆ ಆಗಿತ್ತು. ಒತ್ತಿ ಮಾಡಿದ ಕಾಳಾದ್ದರಿಂದ ಕೆಲವು ಹಗುರವಾಗಿ ತೇಲುತ್ತವೆ, ಅಷ್ಟೇ.

ಈಗ ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ಎರಡು ಪಾವು, ಅಂದರೆ ಹೆಚ್ಚುಕಡಿಮೆ 400 ಗ್ರಾಂ ಅಕ್ಕಿ. ಅದರಲ್ಲಿ ಈ ಕಾಳು ಇರುವುದು ಬರೀ 4 ಗ್ರಾಂ, ಒಂದು ಚಮಚ. ನಿಯಮದ ಪ್ರಕಾರ ಕಿಲೋ ಅಕ್ಕಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿಸಬೇಕು. ಹಾಗಾದರೆ ನಮ್ಮ 400 ಗ್ರಾಮಿಗೆ 11ರಿಂದ 17 ಮಿಲಿಗ್ರಾಂ ಬರುತ್ತದೆ. ಸೇರಿಸಿದ್ದೆಲ್ಲ ಇರುವುದು ಆ ಒಂದು ಚಮಚ ಕಾಳಿನಲ್ಲೇ. ತೇಲಿದ್ದು, ಆರಿಸಿದ್ದು ಎಲ್ಲ ಎಸೆದರೆ ಪೂರ್ತಿ ಹೋಯಿತು. ತೊಳೆಯುವುದರಿಂದ ಸತ್ವ ಹೋಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಆದರೆ ನಮ್ಮ ಕಡೆ ದೊಡ್ಡ ನಷ್ಟ ಆಗುತ್ತಿರುವುದು ಇದು ಪ್ಲಾಸ್ಟಿಕ್ ಅನ್ನುವ ತಪ್ಪು ತಿಳಿವಳಿಕೆಯಿಂದಲೇ ಅಂತ ನನಗನ್ನಿಸುತ್ತದೆ. (ಥಲಸೇಮಿಯಾ ಇರುವವರು ಮಾತ್ರ ಈ ಅಕ್ಕಿಯ ಬಗ್ಗೆ ಡಾಕ್ಟರನ್ನು ಕೇಳಿಕೊಳ್ಳಿ.)

ಅಮೆರಿಕದಲ್ಲಿರುವ ನನ್ನ ತಂಗಿ ಅಕ್ಕಿ ತೊಳೆಯಲೇಬಾರದು ಅನ್ನುತ್ತಾಳೆ. ಅಲ್ಲಿನ ಕೆಲವು ಅಕ್ಕಿ ಚೀಲದ ಮೇಲೆ ತೊಳೆಯಬೇಡಿ ಅಂತಲೇ ಬರೆದಿರುತ್ತದೆ. ಅದೂ ನಿಜ. ಅಲ್ಲಿ ವಿಟಮಿನ್ ಪುಡಿಯನ್ನು ಅಕ್ಕಿಯ ಮೈಗೆ ಸವರಿರುತ್ತಾರೆ, ತೊಳೆದರೆ ನೀರಿನ ಜೊತೆ ಹೋಗಿಬಿಡುತ್ತದೆ. ನಮ್ಮದು ಹಿಟ್ಟಿನೊಳಗೇ ಕಲಸಿದ್ದು, ಎರಡು ಸಲ ತೊಳೆದರೂ ಬಹುಪಾಲು ಉಳಿಯುತ್ತದೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಅಕ್ಕಿ ತೊಳೆಯುವುದನ್ನೇ ಬಿಟ್ಟವರಿದ್ದಾರೆ. ಅದು ಬೇಡ. ನಮ್ಮ ಅಕ್ಕಿಯಲ್ಲಿ ಧೂಳು, ತೌಡು, ಹುಳ, ಕಲ್ಲು ಎಲ್ಲ ಇರುತ್ತವೆ. ಹುಳ ಬೀಳದಿರಲಿ ಅಂತ ಕೆಲವು ಮನೆಗಳಲ್ಲಿ ಬೋರಿಕ್ ಪೌಡರ್ ಬೆರೆಸಿ ಇಟ್ಟಿರುತ್ತಾರೆ, ಅದಂತೂ ಹೊಟ್ಟೆಗೆ ಹೋಗಲೇಬಾರದು.

ಇನ್ನು ಅಂಗಡಿಯ ಮಾಮೂಲಿ ಸೋನಾ ಮಸೂರಿ. ಇದನ್ನು ತೊಳೆದರೆ ಮುಖ್ಯವಾಗಿ ಹೋಗುವುದು ಬಿ1, ಅಂದರೆ ಥಯಮಿನ್. ನೀರಲ್ಲಿ ಕರಗುವ ವಿಟಮಿನ್ ಅದು, ಕಾಳಿನ ಹೊರಪದರದಲ್ಲಿ ಜಾಸ್ತಿ ಇರುತ್ತದೆ. ಆದರೆ ಆ ಹೊರಪದರವನ್ನು ಮಿಲ್ಲಿನಲ್ಲೇ ತೌಡಾಗಿ ತೆಗೆದಾಗಿದೆಯಲ್ಲ! ಪಾಲಿಶ್ ಆದ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಉಳಿಯುವುದೇ ಸುಮಾರು 0.05 ಮಿಲಿಗ್ರಾಂ. ತೊಳೆದು ಅದರಲ್ಲಿ ಅರ್ಧ ಹೋಯಿತು ಅಂತಲೇ ಇಟ್ಟುಕೊಳ್ಳಿ, 50 ಗ್ರಾಂ ತೊಗರಿಬೇಳೆಯಲ್ಲಿ ಅದರ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಅನ್ನದ ಜೊತೆ ಸಾರು ಉಣ್ಣುವ ಮನೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕರಾವಳಿಯವರ ಕುಚ್ಚಲಕ್ಕಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಹೊರಪದರದ ಬಿ1 ಕಾಳಿನ ಒಳಗೆ ಇಳಿಯುತ್ತದೆ, ಹಾಗಾಗಿ ಪಾಲಿಶ್ ಮಾಡಿದರೂ ತೊಳೆದರೂ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ನಾನು ತೊಳೆಯುವ ರೀತಿ ಹೇಳುತ್ತೇನೆ. ಮೊದಲು ಅಗಲದ ತಟ್ಟೆಯಲ್ಲಿ ಹರಡಿ ಕಲ್ಲು, ಹುಳ ನೋಡಿಬಿಡಿ, ಈ ಕೆಲಸ ನೀರಿಗೆ ಹಾಕುವ ಮೊದಲೇ ಆಗಬೇಕು. ಆಮೇಲೆ ಅಕ್ಕಿ ಮುಳುಗಿ ಮೂರು ಬೆರಳು ಮೇಲೆ ಬರುವಷ್ಟು ತಣ್ಣೀರು ಹಾಕಿ, ಬೆರಳು ಬಿಡಿಸಿಕೊಂಡು ನಾಲ್ಕೈದು ಸುತ್ತು ತಿರುಗಿಸಿ, ತಕ್ಷಣ ಬಗ್ಗಿಸಿ. ಗಸಗಸ ಉಜ್ಜಬೇಡಿ. ಉಜ್ಜಿದರೆ ಕಾಳು ಮುರಿದು ನುಚ್ಚಾಗುತ್ತದೆ, ಅನ್ನ ಅಂಟಂಟು. ಸಾರವರ್ಧಿತ ಅಕ್ಕಿಯಾದರೆ ತೇಲಿದ್ದು ಹೋಗದ ಹಾಗೆ ಸಣ್ಣ ಜರಡಿ ಅಡ್ಡ ಹಿಡಿಯಿರಿ. ಎರಡು ನೀರು ಸಾಕು, ತೌಡು ಜಾಸ್ತಿ ಇದ್ದರೆ ಮೂರು. ನೀರು ಕನ್ನಡಿ ಹಾಗೆ ತಿಳಿಯಾಗುವವರೆಗೆ ಏಳೆಂಟು ಸಲ ತೊಳೆಯುವವರನ್ನು ನೋಡಿದ್ದೇನೆ. ಆ ಬಿಳುಪು ಕೊಳೆ ಅಲ್ಲ, ಹಿಟ್ಟು. ಕೊಳೆ ಹೋಗಿದೆಯಾ ಅಂತ ನೋಡಬೇಕಾದರೆ ನೀರನ್ನು ನೋಡಬೇಡಿ, ನೀರು ಬಗ್ಗಿಸಿದ ಮೇಲೆ ಪಾತ್ರೆಯ ತಳ ನೋಡಿ, ಮಣ್ಣಿನ ಬಣ್ಣ ಇಲ್ಲದಿದ್ದರೆ ಆಯಿತು. ಬೋರಿಕ್ ಬೆರೆಸಿದ ಅಕ್ಕಿಗೆ ಮಾತ್ರ ಈ ಲೆಕ್ಕ ಇಲ್ಲ, ಅದನ್ನು ನಾಲ್ಕೈದು ನೀರಲ್ಲಿ ಧಾರಾಳವಾಗಿ ತೊಳೆಯಿರಿ. ಬೆರೆಸದೇ ಇಡುವುದು ಇನ್ನೂ ಒಳ್ಳೆಯದು.

ನೆನೆಹಾಕುವುದಿದ್ದರೆ ತೊಳೆದ ಮೇಲೆ ನೆನೆಹಾಕಿ, ಅಳತೆಯ ನೀರಲ್ಲೇ, ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ. ಅದೇ ನೀರಲ್ಲಿ ಕುಕ್ಕರ್ ಇಡಿ. ನೀರಿಗೆ ಇಳಿದದ್ದು ಮತ್ತೆ ಅನ್ನಕ್ಕೇ ಬರುತ್ತದೆ. ತೊಳೆಯದೆ ನೆನೆಹಾಕಿ ಆಮೇಲೆ ಆ ನೀರು ಚೆಲ್ಲುವುದು ಎರಡು ರೀತಿಯಲ್ಲೂ ನಷ್ಟ.

ನನ್ನ ನಿಜವಾದ ಜಗಳ ಇರುವುದು ಗಂಜಿ ಬಸಿದು ಚೆಲ್ಲುವವರ ಜೊತೆ. ತಣ್ಣೀರಿನ ಎರಡು ತೊಳೆತದಲ್ಲಿ ಹೋಗುವುದಕ್ಕಿಂತ ಬಿಸಿನೀರಲ್ಲಿ ಕುದ್ದು ಬಿಡುವ ಸತ್ವ ಜಾಸ್ತಿ. ಹಿಂದೆ ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯುತ್ತಿದ್ದರು, ಅಕ್ಕಚ್ಚು ಹಸುವಿಗೆ ಹೋಗುತ್ತಿತ್ತು. ಈಗ ಎರಡೂ ಸಿಂಕಿಗೆ. ಬಸ್ಸಾರು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನೇ ಅಲ್ವಾ ನಾವು ಸಾರು ಮಾಡುವುದು?

ಬೇಳೆಗೂ ಎರಡು ನೀರು. ಎಣ್ಣೆ ಸವರಿದ ತೊಗರಿಬೇಳೆಯಾದರೆ ಮೊದಲ ನೀರು ಉಗುರುಬೆಚ್ಚಗಿರಲಿ, ತಣ್ಣೀರಿಗೆ ಜಿಡ್ಡು ಬಿಡುವುದಿಲ್ಲ. ತೊಳೆದು ನೆನೆಸಿದ ಬೇಳೆಯ ನೀರು ಬೇಯಿಸುವುದಕ್ಕೇ ಹೋಗಲಿ. ಉದ್ದನ್ನು ರುಬ್ಬುವಾಗಲೂ ನೆನೆದ ನೀರನ್ನೇ ಹಾಕಿ, ಹಿಟ್ಟು ಚೆನ್ನಾಗಿ ಹುದುಗುತ್ತದೆ.

ನೆನೆಸಿದ ನೀರನ್ನು ಧೈರ್ಯವಾಗಿ ಚೆಲ್ಲಬೇಕಾದದ್ದು ಇಡೀ ಕಾಳಿನ ವಿಷಯದಲ್ಲಿ. ಕಡಲೆ, ಅಲಸಂದೆ, ರಾಜ್ಮಾ ಇವನ್ನು ಎಂಟು ಗಂಟೆ ನೆನೆಸಿದಾಗ ಹೊಟ್ಟೆಯುಬ್ಬರ ತರುವ ಸಕ್ಕರೆ ಅಂಶ ಒಂದಷ್ಟು ನೀರಿಗೆ ಬಿಡುತ್ತದೆ. ಅದರ ಜೊತೆ ಸ್ವಲ್ಪ ವಿಟಮಿನ್ನೂ ಹೋಗುತ್ತದೆ, ಹೋಗಲಿ, ಆ ಕಾಳು ಜೀರ್ಣ ಆಗುವುದು ಮುಖ್ಯ. ರಾಜ್ಮಾದಲ್ಲಿ ಹಸಿ ಇದ್ದಾಗ ಒಂದು ವಿಷದ ಅಂಶವೇ ಇರುತ್ತದೆ, ಬರೀ ನೆನೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಹೊಸ ನೀರಲ್ಲಿ ಹತ್ತು ನಿಮಿಷವಾದರೂ ಜೋರಾಗಿ ಕುದಿಯಬೇಕು, ಅಥವಾ ಕುಕ್ಕರಿನಲ್ಲಿ ಮೆತ್ತಗೆ ಬೇಯಬೇಕು. ಬೇಸಿಗೆಯಲ್ಲಿ ರಾತ್ರಿಯಿಡೀ ನೆನೆಸಿದ ಕಾಳಿನ ಮೇಲೆ ನೊರೆ ಬಂದು ಹುಳಿ ವಾಸನೆ ಬರುತ್ತಿದ್ದರೆ ಅದು ಕೆಡಲು ಶುರುವಾಗಿದೆ ಅಂತ. ಹಾಗಾಗದಿರಲು ಮಧ್ಯೆ ಒಂದು ಸಲ ನೀರು ಬದಲಿಸಿ, ಇಲ್ಲವೇ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ.

ಮೂರನೇ ಮನೆಯವರು ನಿನ್ನೆ ಮತ್ತೆ ಬಂದಿದ್ದರು, ಟೀ ಸೋಸುವ ಜರಡಿ ಹಿಡಿದುಕೊಂಡು. "ಇದರಲ್ಲಿ ಹಿಡಿದರೆ ಒಂದೂ ಹೋಗಲ್ಲ ಅಕ್ಕಾ" ಅಂದರು.