ನಾಲ್ಕು ಪುಟದ ಸುತ್ತೋಲೆ, ಒಂದೂವರೆ ನಿಮಿಷದ ಮಾತು

ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಶಾಲೆಯಲ್ಲಿ ನಾನು ಕನ್ನಡ ಮೇಡಂ. ಈ ಜುಲೈ ತಿಂಗಳ ಆರಂಭದಲ್ಲಿ ನಮ್ಮ ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆದು, ತಾವು ಬರೆದಿದ್ದ ಸುತ್ತೋಲೆಯೊಂದನ್ನು ಕೈಗಿತ್ತು, "ಪೋಷಕರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸುವುದಕ್ಕೆ ಇದನ್ನೇ ಒಂದೂವರೆ ನಿಮಿಷದ ವಿಡಿಯೊಗೆ ಆಗುವ ಹಾಗೆ ಬರೆದುಕೊಡಿ, ನಾನೇ ಕ್ಯಾಮೆರಾ ಮುಂದೆ ಹೇಳುತ್ತೇನೆ" ಎಂದರು. ಸಂಜೆ ಶಾಲೆ ಬಿಡುವಾಗ ಮುಂದಿನ ಗೇಟಿನ ಬಳಿ ಆಗುತ್ತಿದ್ದ ನೂಕುನುಗ್ಗಲನ್ನು ತಪ್ಪಿಸಲು ಜುಲೈ 14, ಸೋಮವಾರದಿಂದ ಮಕ್ಕಳನ್ನು ಎರಡು ಹೊತ್ತಿನಲ್ಲಿ, ಎರಡು ಗೇಟುಗಳಿಂದ ಬಿಡುವ ಹೊಸ ವ್ಯವಸ್ಥೆಯ ಬಗ್ಗೆ ಆ ಸುತ್ತೋಲೆಯಿತ್ತು. ನಾಲ್ಕು ಪುಟ, ಹದಿನಾರು ಅಂಶಗಳು. ಮನೆಗೆ ಹೋಗಿ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡಿದೆ. ಒಂಬತ್ತು ನಿಮಿಷ ದಾಟಿತು.

ಮೊದಲ ಸಲ ನಾನು ಮಾಡಿದ್ದು ಬಹುತೇಕ ಎಲ್ಲರೂ ಮಾಡುವ ತಪ್ಪನ್ನೇ. ಸುತ್ತೋಲೆಯ ಒಂದೊಂದು ಅಂಶವನ್ನೂ ಒಂದೊಂದು ಸಾಲಿಗೆ ಇಳಿಸಿ, ಹದಿನಾರು ಸಾಲು ಮಾಡಿ, ಇದೇ ಸ್ಕ್ರಿಪ್ಟ್ ಎಂದುಕೊಂಡೆ. ಓದಿದರೆ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು, ಆದರೆ ಕೇಳಿದವರಿಗೆ ಏನೂ ಉಳಿಯುತ್ತಿರಲಿಲ್ಲ. ಸುತ್ತೋಲೆಯನ್ನು ಚಿಕ್ಕದು ಮಾಡುವುದು ಬೇರೆ, ಕಿವಿಗೆಂದು ಹೊಸದಾಗಿ ಬರೆಯುವುದು ಬೇರೆ ಎಂದು ನಾನು ಈಗ ಖಚಿತವಾಗಿ ಹೇಳುತ್ತೇನೆ. ಕಾಗದದ ಮೇಲಿರುವ ಸುತ್ತೋಲೆಯನ್ನು ತಾಯಿ ಎರಡನೇ ಸಲ ಓದಬಹುದು, ಹನ್ನೊಂದನೇ ಅಂಶಕ್ಕೆ ಬೆರಳಿಟ್ಟು ಗಂಡನಿಗೆ ತೋರಿಸಬಹುದು. ವಿಡಿಯೊವನ್ನು ಅದೇ ತಾಯಿ ಒಲೆಯ ಮುಂದೆ ನಿಂತೋ, ಆಟೊದಲ್ಲಿ ಕೂತೋ ಒಂದೇ ಸಲ ಕೇಳುತ್ತಾಳೆ.

ನಮ್ಮ ಕನ್ನಡದ ವಾಕ್ಯರಚನೆಯೇ ಇಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಜೊತೆ "ಇಲ್ಲ"ವೂ ಕೊನೆಗೇ ಬರುತ್ತದೆ. ಸುತ್ತೋಲೆಯ ಒಂಬತ್ತನೇ ಅಂಶ ಹೀಗಿತ್ತು: "ಶಾಲೆಯ ಮುಂಭಾಗದ ರಸ್ತೆಯಲ್ಲಿ ಪೋಷಕರ ದ್ವಿಚಕ್ರ ವಾಹನಗಳನ್ನಾಗಲಿ, ಖಾಸಗಿ ವ್ಯಾನುಗಳನ್ನಾಗಲಿ ಮಧ್ಯಾಹ್ನ 3ರಿಂದ 4 ಗಂಟೆಯವರೆಗೆ ನಿಲುಗಡೆ ಮಾಡಲು ಅವಕಾಶವಿರುವುದಿಲ್ಲ." ಕಾಗದದ ಮೇಲೆ ಇದರಲ್ಲಿ ದೋಷವಿಲ್ಲ. ಕಿವಿಗೆ ಮಾತ್ರ "ಮುಂಭಾಗದ ರಸ್ತೆ, ವ್ಯಾನು, 3ರಿಂದ 4, ನಿಲುಗಡೆ, ಅವಕಾಶ" ಎಂಬಿಷ್ಟು ಮೊದಲು ಬೀಳುತ್ತದೆ. ಹೊರಗೆ ಒಂದು ಹಾರನ್ ಹೊಡೆದರೆ ಕೊನೆಯ "ಇಲ್ಲ" ಹೋಯಿತು, ಅರ್ಥ ತಿರುಗಿತು. ಹಾಗಾಗಿ ಕೂಡದು ಎಂಬ ಮಾತುಗಳನ್ನೆಲ್ಲ ಹುಡುಕಿ, ಏನು ಮಾಡಬೇಕು ಎಂಬ ಮಾತಾಗಿ ತಿರುಗಿಸಿದೆ. "ಗಾಡಿಯನ್ನು ಮೈದಾನದ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ, ಗೇಟಿಗೆ ನಡೆದು ಬನ್ನಿ." ಇದರಲ್ಲಿ ಕೊನೆಯ ಪದ ಕೇಳಿಸದೆ ಹೋದರೂ ಅರ್ಥ ತಿರುಗುವುದಿಲ್ಲ.

ವಾಕ್ಯದ ಆರಂಭಕ್ಕೂ ಇದೇ ಎಚ್ಚರ ಬೇಕು. ಕೇಳುವವರು ಮೊದಲು ಹುಡುಕುವುದು "ಇದು ನನಗೆ ಸಂಬಂಧಿಸಿದ್ದೇ?" ಎಂಬುದನ್ನು. "ಮೂರು ಗಂಟೆ ಹತ್ತು ನಿಮಿಷಕ್ಕೆ ಹಿಂದಿನ ಗೇಟಿನಿಂದ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳನ್ನು ಬಿಡಲಾಗುವುದು" ಎಂದರೆ, ತರಗತಿ ಯಾವುದೆಂದು ತಿಳಿಯುವ ಹೊತ್ತಿಗೆ ಸಮಯ ಮರೆತಿರುತ್ತದೆ. "ನಿಮ್ಮ ಮಗು ಒಂದರಿಂದ ನಾಲ್ಕನೇ ತರಗತಿಯಲ್ಲಿದ್ದರೆ" ಎಂದು ಶುರು ಮಾಡಿದರೆ, ಸಂಬಂಧಪಟ್ಟವರು ಕಿವಿಗೊಡುತ್ತಾರೆ, ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ. ದಿನಾಂಕದ ವಿಷಯದಲ್ಲಿ "ನಾಳೆಯಿಂದ", "ಬರುವ ಸೋಮವಾರದಿಂದ" ಎಂಬ ಪದಗಳನ್ನು ನಾನು ಪೂರ್ತಿ ಬಿಟ್ಟೆ. ವಾಟ್ಸ್ಯಾಪ್‌ನಲ್ಲಿ ಶನಿವಾರ ಬಂದ ವಿಡಿಯೊವನ್ನು ಯಾರೋ ಮಂಗಳವಾರ ಇನ್ನೊಂದು ಗುಂಪಿಗೆ ಕಳಿಸುತ್ತಾರೆ, ಅಲ್ಲಿ "ಬರುವ ಸೋಮವಾರ" ಬೇರೆಯದೇ ಸೋಮವಾರವಾಗುತ್ತದೆ. ದಿನಾಂಕ ಮತ್ತು ವಾರ ಎರಡನ್ನೂ ಬಾಯಲ್ಲಿ ಹೇಳಬೇಕು, ತೆರೆಯ ಮೇಲೂ ತೋರಿಸಬೇಕು. ತೆರೆಯ ಮೇಲೆ ಕನ್ನಡ ಅಂಕಿಗಳನ್ನು ಹಾಕಬೇಕೆಂಬ ಆಸೆ ಕನ್ನಡ ಮೇಡಂ ಆದ ನನಗೆ ಇತ್ತು. ಆದರೆ ನಮ್ಮ ಪೋಷಕರಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರು ಬಹಳ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಅವರ ಸಲುವಾಗಿ 3:10, 3:30 ಎಂದೇ ದೊಡ್ಡದಾಗಿ ಹಾಕಿಸಿದೆ.

ಬಿಡಬೇಕಾದ್ದು ಯಾವುದು ಎಂಬ ಬಗ್ಗೆ ಮೇಡಂ ಜೊತೆ ಸುಮಾರು ಅರ್ಧ ಗಂಟೆ ಮಾತಾಯಿತು. ಸುತ್ತೋಲೆಯ ಮೊದಲ ಪುಟವೆಲ್ಲ ಹಿನ್ನೆಲೆ: ಶಾಲಾ ಸಮಿತಿಯ ಸಭೆ, ಹಿಂದಿನ ಸುತ್ತೋಲೆಯ ಉಲ್ಲೇಖ, "ಈ ಮೂಲಕ ತಿಳಿಯಪಡಿಸುವುದೇನೆಂದರೆ". ಅದನ್ನು ಬಿಡಲು ಅವರು ಬೇಗ ಒಪ್ಪಿದರು. ಕಾರಣವನ್ನು ಒಂದೇ ವಾಕ್ಯಕ್ಕೆ ಇಳಿಸಲೂ ಒಪ್ಪಿದರು. ಆದರೆ ಮಗುವನ್ನು ಕರೆದೊಯ್ಯಲು ಬರುವವರು ತರಬೇಕಾದ ಕಾರ್ಡಿನ ಬಗ್ಗೆ ಇದ್ದ, "ಕಾರ್ಡ್ ತರದಿದ್ದಲ್ಲಿ ಉಂಟಾಗುವ ವಿಳಂಬಕ್ಕೆ ಶಾಲೆಯು ಜವಾಬ್ದಾರವಲ್ಲ" ಎಂಬ ಅಂಶವನ್ನು ಬಿಡಲು ಮನಸ್ಸು ಬರಲಿಲ್ಲ. "ನಾಳೆ ಏನಾದರೂ ಆದರೆ ಹೇಳಿರಲಿಲ್ಲ ಅನ್ನುತ್ತಾರಲ್ಲ ಮೇಡಂ" ಎಂದರು. ಅವರ ಭಯ ನ್ಯಾಯವಾದದ್ದೇ. ನಾನು ಹೇಳಿದೆ, "ಸುತ್ತೋಲೆಯನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ ಮೇಡಂ. ಅದು ಡೈರಿಯಲ್ಲಿ ಅಂಟಿಸಿರುತ್ತದೆ, ನೋಟಿಸ್ ಬೋರ್ಡಿನಲ್ಲಿರುತ್ತದೆ, ಪೋಷಕರ ಸಹಿ ಇರುತ್ತದೆ. ಕಾನೂನಿನ ಮಾತು ಅಲ್ಲಿರಲಿ, ಸೋಮವಾರ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಇಲ್ಲಿರಲಿ." ಸ್ವಲ್ಪ ಯೋಚಿಸಿ ಹೂಂ ಎಂದರು.

ಎರಡನೇ ಕರಡು ಸಿದ್ಧವಾದಾಗ ನನಗೆ ತೃಪ್ತಿಯಿತ್ತು, ಸಮಯವೂ ಸರಿಯಾಗಿ ಕೂತಿತ್ತು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಮ್ಮ ಶಾಲೆಯ ಆಯಮ್ಮನಿಗೆ ಒಂದೇ ಸಲ ಕೇಳಿಸಿದೆ. ಅವರ ಇಬ್ಬರು ಮಕ್ಕಳೂ ನಮ್ಮಲ್ಲೇ ಓದುತ್ತಾರೆ. "ಅರ್ಥ ಆಯಿತಾ?" ಎಂದು ನಾನು ಕೇಳಲಿಲ್ಲ, ಹಾಗೆ ಕೇಳಿದರೆ ಯಾರಾದರೂ ಆಯಿತು ಎಂದೇ ಹೇಳುತ್ತಾರೆ. "ಹದಿನಾಲ್ಕನೇ ತಾರೀಕು ನೀವು ಏನು ಮಾಡ್ತೀರಿ, ಹೇಳಿ" ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ, "ಮೂರು ಹತ್ತಕ್ಕೆ ಹಿಂದಿನ ಗೇಟಲ್ಲಿ ಚಿಕ್ಕವಳನ್ನ ಕರ್ಕೊತೀನಿ" ಎಂದು ಶುರು ಮಾಡಿ, ಎರಡನೇ ಬೆರಳಿಗೆ ಬಂದು ನಿಂತುಬಿಟ್ಟರು. "ಮಿಸ್, ನನ್ ಮಗ ಆರನೇ ಕ್ಲಾಸು. ಅವನು ಮುಂದಿನ ಗೇಟಲ್ಲವಾ? ಇವಳನ್ನ ಇಪ್ಪತ್ತು ನಿಮಿಷ ಎಲ್ಲಿ ನಿಲ್ಲಿಸ್ಕೊಳ್ಳಲಿ?"

ಇದಕ್ಕೆ ಉತ್ತರ ಸುತ್ತೋಲೆಯಲ್ಲಿತ್ತು, ಮೂರನೇ ಪುಟದ ಹನ್ನೆರಡನೇ ಅಂಶವಾಗಿ. ಅದು ಕೆಲವರಿಗೆ ಮಾತ್ರ ಅನ್ವಯಿಸುವ ಸಂಗತಿ ಎಂದು ಭಾವಿಸಿ ಉದ್ದ ಕಡಿಮೆ ಮಾಡಲು ನಾನೇ ತೆಗೆದುಹಾಕಿದ್ದೆ. ತರಗತಿ ಶಿಕ್ಷಕಿಯರನ್ನು ಕೇಳಿದರೆ, ಎರಡೂ ಕಡೆ ಮಕ್ಕಳಿರುವ ಮನೆಗಳು ನಲವತ್ತಕ್ಕೂ ಹೆಚ್ಚು. ಹಿಂದಿನ ಗೇಟಿನಿಂದ ಮುಂದಿನ ಗೇಟಿಗೆ ಮಕ್ಕಳ ಕೈ ಹಿಡಿದು ನಲವತ್ತು ತಾಯಂದಿರು ಅದೇ ಇಕ್ಕಟ್ಟಿನ ರಸ್ತೆಯಲ್ಲಿ ನಡೆದಿದ್ದರೆ ಇಡೀ ವ್ಯವಸ್ಥೆಯೇ ವ್ಯರ್ಥವಾಗುತ್ತಿತ್ತು. ಒಂದು ಅಂಶ ಎಷ್ಟು ಜನಕ್ಕೆ ಅನ್ವಯಿಸುತ್ತದೆ ಎಂಬುದರ ಜೊತೆಗೆ, ಅದು ತಿಳಿಯದಿದ್ದರೆ ಗೇಟಿನ ಬಳಿ ಏನಾಗುತ್ತದೆ ಎಂಬುದನ್ನೂ ನಾನು ಯೋಚಿಸಬೇಕಾಗಿತ್ತು. ಆ ಮಾತನ್ನು ಮತ್ತೆ ಸೇರಿಸಿ, ಜಾಗಕ್ಕಾಗಿ ಶುಭಾಶಯ ಮತ್ತು ಧನ್ಯವಾದದ ಸಾಲುಗಳನ್ನು ಬಿಟ್ಟೆ. ಕೊನೆಗೆ ಉಳಿದ ಸ್ಕ್ರಿಪ್ಟ್ ಇದು.

(ಮೇಡಂ ಹಿಂದಿನ ಗೇಟಿನ ಮುಂದೆ ನಿಂತಿದ್ದಾರೆ.) "ನಮಸ್ಕಾರ. ಒಂದರಿಂದ ಏಳನೇ ತರಗತಿವರೆಗಿನ ಮಕ್ಕಳ ಪೋಷಕರಿಗೆ ಈ ಮಾತು. ಜುಲೈ 14, ಸೋಮವಾರದಿಂದ ಶಾಲೆ ಬಿಡುವ ಸಮಯ ಮತ್ತು ಗೇಟು ಬದಲಾಗುತ್ತದೆ. ಗೇಟಿನ ಮುಂದೆ ನೂಕುನುಗ್ಗಲು ಕಡಿಮೆಯಾಗಲಿ ಎಂದು ಹೀಗೆ ಮಾಡಿದ್ದೇವೆ.

ನಿಮ್ಮ ಮಗು ಒಂದರಿಂದ ನಾಲ್ಕನೇ ತರಗತಿಯಲ್ಲಿದ್ದರೆ, ಮೂರು ಗಂಟೆ ಹತ್ತು ನಿಮಿಷಕ್ಕೆ ಈ ಹಿಂದಿನ ಗೇಟಿಗೆ ಬನ್ನಿ. ಹಾಲಿನ ಬೂತಿನ ಪಕ್ಕದ ಹಸಿರು ಗೇಟು ಇದೇ. (ತೆರೆಯ ಮೇಲೆ: 1–4, 3:10.)

ಐದರಿಂದ ಏಳನೇ ತರಗತಿಯಲ್ಲಿದ್ದರೆ, ಮೂರೂವರೆಗೆ ಮುಂದಿನ ಗೇಟಿಗೆ ಬನ್ನಿ. (ಮುಂದಿನ ಗೇಟಿನ ಚಿತ್ರ, 5–7, 3:30.)

ಎರಡೂ ಕಡೆ ಮಕ್ಕಳಿದ್ದರೆ, ಮೂರೂವರೆಗೆ ಹಿಂದಿನ ಗೇಟಿಗೆ ಬನ್ನಿ, ಸಾಕು. ಚಿಕ್ಕ ಮಗು ಅಲ್ಲಿಯವರೆಗೆ ಮಿಸ್ ಜೊತೆ ಒಳಗೆ ಕೂತಿರುತ್ತದೆ. ದೊಡ್ಡ ಮಗುವನ್ನು ನಾವೇ ಅಲ್ಲಿಗೆ ಕರೆತರುತ್ತೇವೆ.

ಬರುವಾಗ ಈ ಹಳದಿ ಕಾರ್ಡ್ ತನ್ನಿ. (ಕಾರ್ಡನ್ನು ಎತ್ತಿ ತೋರಿಸುತ್ತಾರೆ.) ಅಜ್ಜಿ ಬರಲಿ, ಪಕ್ಕದ ಮನೆಯವರು ಬರಲಿ, ಕಾರ್ಡ್ ಅವರ ಕೈಯಲ್ಲಿರಲಿ. ಗಾಡಿಯನ್ನು ಮೈದಾನದ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ, ಗೇಟಿಗೆ ನಡೆದು ಬನ್ನಿ.

ಕಾರ್ಡಿನ ಅರ್ಜಿ ಮಗುವಿನ ಡೈರಿಯಲ್ಲಿದೆ. ತುಂಬಿ, ಎರಡು ಫೋಟೊ ಅಂಟಿಸಿ, ಜುಲೈ 10, ಗುರುವಾರದೊಳಗೆ ಕ್ಲಾಸ್ ಮಿಸ್ ಕೈಗೆ ಕೊಡಿ. ಪೂರ್ತಿ ಸುತ್ತೋಲೆಯೂ ಡೈರಿಯಲ್ಲಿದೆ. ಏನಾದರೂ ಕೇಳುವುದಿದ್ದರೆ ತೆರೆಯ ಮೇಲಿರುವ ಆಫೀಸ್ ನಂಬರಿಗೆ ಫೋನ್ ಮಾಡಿ."

ಮೇಡಂ ಇದನ್ನು ನಿಧಾನವಾಗಿ, ಪ್ರತಿ ತರಗತಿಯ ಮಾತಿನ ನಂತರ ಒಂದು ಉಸಿರು ನಿಲ್ಲಿಸಿ ಹೇಳಿದಾಗ ಒಂದು ನಿಮಿಷ ಇಪ್ಪತ್ತೈದು ಸೆಕೆಂಡ್ ಆಯಿತು. ಕಚೇರಿಯ ಕುರ್ಚಿಯಲ್ಲಿ, ಹಿಂದೆ ಶೀಲ್ಡುಗಳು ಕಾಣುವ ಹಾಗೆ ಚಿತ್ರೀಕರಿಸಬೇಕೆಂದು ಮೊದಲು ಯೋಚಿಸಿದ್ದರು. ಗೇಟಿನ ಮುಂದೆ ನಿಂತರೆ "ಹಿಂದಿನ ಗೇಟು" ಯಾವುದೆಂದು ವಿವರಿಸುವ ಎರಡು ವಾಕ್ಯ ಉಳಿತಾಯವಾಗುತ್ತದೆ ಎಂದು ನಾನು ಹಟ ಹಿಡಿದೆ. ಹೊರಗಿನ ಗಾಡಿಗಳ ಸದ್ದಿಗೆ ಮೊದಲ ಎರಡು ಸಲ ಮಾತು ಸರಿಯಾಗಿ ಕೇಳಿಸಲಿಲ್ಲ. ಕೊನೆಗೆ ಬೆಳಿಗ್ಗೆ ಆರೂವರೆಗೆ ಬಂದು, ಇಯರ್‌ಫೋನಿನ ಮೈಕನ್ನು ಸೀರೆಯ ಅಂಚಿಗೆ ಸಿಕ್ಕಿಸಿಕೊಂಡು ಹೇಳಿದರು.

ಹದಿನಾಲ್ಕನೇ ತಾರೀಕು ಮೂರು ಗಂಟೆಗೇ ನಾನು ಹಿಂದಿನ ಗೇಟಿಗೆ ಹೋಗಿ ನಿಂತೆ. ಒಂದರಿಂದ ನಾಲ್ಕನೇ ತರಗತಿಯ ಪೋಷಕರು ಹಳದಿ ಕಾರ್ಡ್ ಹಿಡಿದು ಸಾಲಾಗಿ ಬಂದರು, ಆಯಮ್ಮನ ಮಗ ಮೂರೂವರೆಗೆ ತಂಗಿಯ ಪಕ್ಕಕ್ಕೆ ಬಂದು ನಿಂತ. ಮುಂದಿನ ರಸ್ತೆಯಲ್ಲಿ ಮಾತ್ರ ಆರು ವ್ಯಾನುಗಳು ಎಂದಿನಂತೆ ನಿಂತಿದ್ದವು. ಡ್ರೈವರ್‌ಗಳು ಪೋಷಕರ ಗುಂಪಿನಲ್ಲಿ ಇಲ್ಲ, ವಿಡಿಯೊ ಅವರಿಗೆ ತಲುಪಿಯೇ ಇರಲಿಲ್ಲ. ಅವರಿಗಾಗಿ ಇಪ್ಪತ್ತು ಸೆಕೆಂಡಿನ ಇನ್ನೊಂದು ಸ್ಕ್ರಿಪ್ಟನ್ನು ಅಂದು ಸಂಜೆಯೇ ಬರೆದೆ. ಅದರಲ್ಲಿ ಮೈದಾನದ ರಸ್ತೆ, ವ್ಯಾನ್ ನಿಲ್ಲಿಸುವ ಜಾಗ, ಮಕ್ಕಳನ್ನು ಅಲ್ಲಿಗೆ ಕರೆತರುವ ಮಿಸ್ ಮತ್ತು ಎರಡು ಸಮಯಗಳನ್ನು ಬಿಟ್ಟರೆ ಬೇರೇನೂ ಇಲ್ಲ.