ಚಿಕ್ಕಪ್ಪ ಓಟಿಪಿ ಯಾರಿಗೂ ಹೇಳಿರಲಿಲ್ಲ

ನಿನ್ನೆ ಅರಸೀಕೆರೆಯಲ್ಲಿ ನೆಂಟರ ಮನೆ ನಾಮಕರಣ. ಊಟಕ್ಕೆ ಕೂತಿದ್ದಾಗ ಒಬ್ಬರು ನಮ್ಮ ಚಿಕ್ಕಪ್ಪನನ್ನು ನೋಡಿ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಮೂವತ್ತು ವರ್ಷ ಮೇಷ್ಟ್ರಾಗಿದ್ದೋರು, ಓಟಿಪಿ ಕೊಟ್ಟುಬಿಟ್ರಂತಲ್ಲ ಸಾರ್?" ಇಬ್ಬರು ಮೂವರು ನಕ್ಕರು. ಚಿಕ್ಕಪ್ಪ ಎಲೆ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು, "ನಾನು ಓಟಿಪಿ ಯಾರಿಗೂ ಹೇಳಲಿಲ್ಲ."

ಯಾರೂ ನಂಬಲಿಲ್ಲ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಅದಕ್ಕೇ ರಾತ್ರಿ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕ್ ಕೌಂಟರಿನಲ್ಲಿ ನಾನು ಕೂತು ಹದಿನಾಲ್ಕು ವರ್ಷ ಆಯಿತು, ನಿಮಗೆಲ್ಲ ಗೊತ್ತು. ನಿಮ್ಮ ಸಿಮ್ ಬ್ಲಾಕ್ ಆಗುತ್ತದೆ ಅನ್ನೋ ಕಳ್ಳ ಮೆಸೇಜಿಗೆ ಸಿಕ್ಕಿಬಿದ್ದು ದುಡ್ಡು ಕಳೆದುಕೊಂಡವರು ಎಷ್ಟೋ ಜನ ನನ್ನೆದುರು ನಿಂತು ಅತ್ತಿದ್ದಾರೆ. ಆದರೂ ನಮ್ಮ ಮನೆಯಲ್ಲೇ ಆಗುವವರೆಗೆ ನನಗೂ ಒಂದು ವಿಷಯ ಸರಿಯಾಗಿ ಅರ್ಥ ಆಗಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಚಿಕ್ಕಪ್ಪನಿಗೆ ಈ ಮೆಸೇಜ್ ಬಂತು.

```
Dear Customer, your SIM KYC is pending. Your SIM will be
blocked within 24 hours. Call customer care immediately
```

ಕೆಳಗೆ ಒಂದು ಹತ್ತಂಕಿಯ ಮೊಬೈಲ್ ನಂಬರ್. ಚಿಕ್ಕಮ್ಮನಿಗೆ ಹಾಸನದ ಆಸ್ಪತ್ರೆಯಿಂದ ರಿಪೋರ್ಟ್ ಬರುವುದಿತ್ತು. ಮಗ ಪುಣೆಯಲ್ಲಿದ್ದಾನೆ. ಫೋನ್ ನಿಂತರೆ ಏನು ಗತಿ ಅಂತ ಅವರೇ ಆ ನಂಬರಿಗೆ ಫೋನ್ ಮಾಡಿದರು. ಇದನ್ನು ಗಮನಿಸಿ. ಕಳ್ಳ ಫೋನ್ ಮಾಡಲಿಲ್ಲ, ಚಿಕ್ಕಪ್ಪನೇ ಮಾಡಿದ್ದು. ನಾವಾಗಿ ಫೋನ್ ಮಾಡಿದ ಕಡೆ ನಮಗೆ ಅನುಮಾನ ಕಡಿಮೆ, ಅಲ್ವಾ?

ಆ ಕಡೆಯವನು ಮೊದಲು ಹಿಂದಿಯಲ್ಲಿ, ಆಮೇಲೆ ಮುರುಕು ಕನ್ನಡದಲ್ಲಿ ತುಂಬ ಮರ್ಯಾದೆಯಿಂದ ಮಾತಾಡಿದನಂತೆ. "ಸರ್, ಅಂಗಡಿಗೆ ಬರೋ ತೊಂದರೆ ಬೇಡ, ಮನೆಯಿಂದಲೇ ಮಾಡಿಕೊಡ್ತೀವಿ" ಅಂದ. ಪ್ಲೇ ಸ್ಟೋರಿನಿಂದ ಒಂದು ಆ್ಯಪ್ ಹಾಕಿಸಿದ. ಅದನ್ನು ತೆರೆದಾಗ ಪರದೆ ಮೇಲೆ ಒಂದು ಉದ್ದನೆಯ ಸಂಖ್ಯೆ ಬಂತು, ಅದನ್ನು ಓದಿಸಿಕೊಂಡ. ಚಿಕ್ಕಪ್ಪ ಓದುವ ಮೊದಲು ಕೇಳಿದರಂತೆ, "ಇದು ಓಟಿಪಿನಾ? ಓಟಿಪಿ ಆದ್ರೆ ಹೇಳಲ್ಲ." ಅವನು "ಅಲ್ಲ ಸರ್, ಓಟಿಪಿ ಯಾರಿಗೂ ಹೇಳಬೇಡಿ" ಅಂದ. ಕಳ್ಳನೇ ಆ ಬುದ್ಧಿಮಾತು ಹೇಳಿದ್ದಾನೆ! ಆಮೇಲೆ ಏನೋ ಅನುಮತಿ ಕೇಳಿತು, ಒತ್ತಿದರು. ಅಷ್ಟೇ. ಅಲ್ಲಿಂದ ಮುಂದೆ ಚಿಕ್ಕಪ್ಪನ ಫೋನಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣುತ್ತಿತ್ತು.

AnyDesk, QuickSupport ಅನ್ನೋ ಆ್ಯಪ್‌ಗಳನ್ನು ಕೇಳಿರುತ್ತೀರಿ. ಅವುಗಳಲ್ಲಿ ತಪ್ಪೇನಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವವರು ದೂರದಿಂದ ನಮ್ಮ ಪರದೆ ನೋಡಿ ಸರಿಮಾಡಲು ಇರುವ ಆ್ಯಪ್‌ಗಳು ಅವು. ಪ್ಲೇ ಸ್ಟೋರಿನಲ್ಲೇ ಸಿಗುತ್ತವೆ, ಅದಕ್ಕೇ ಜನ ನಂಬುತ್ತಾರೆ. ಚಿಕ್ಕಪ್ಪನಿಗೆ ಹಾಕಿಸಿದ್ದೂ ಅಂಥದ್ದೇ ಒಂದು.

ಈಗ ಕೊನೆಯ ಮೆಟ್ಟಿಲು. "ಹತ್ತು ರೂಪಾಯಿ ರೀಚಾರ್ಜ್ ಮಾಡಿ ಸರ್, ಅದರಿಂದ ಕೆವೈಸಿ ಅಪ್‌ಡೇಟ್ ಆಗತ್ತೆ" ಅಂತ ಒಂದು ಲಿಂಕ್ ಕಳಿಸಿದ. ಡೆಬಿಟ್ ಕಾರ್ಡ್ ನಂಬರ್, ಹಿಂದಿನ ಮೂರಂಕಿ, ಎಲ್ಲವನ್ನೂ ಚಿಕ್ಕಪ್ಪ ಆ ಪುಟದಲ್ಲಿ ಹಾಕಿದರು. ಹತ್ತು ರೂಪಾಯಿ ತಾನೇ? ಯುಪಿಐ ಬೇಡ, ಕಾರ್ಡೇ ಆಗಬೇಕು ಅಂದಿದ್ದನಂತೆ. ಅದಕ್ಕೆ ಕಾರಣ ಇದೆ. ಎಷ್ಟೋ ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್‌ಗಳನ್ನು ತೆರೆದರೆ ಹೀಗೆ ಪರದೆ ನೋಡುವವರಿಗೆ ಬರೀ ಕಪ್ಪು ಕಾಣುತ್ತದೆ. ಮಾಮೂಲಿ ವೆಬ್ ಪುಟಕ್ಕೆ ಆ ಕಾವಲಿಲ್ಲ. ಅದೂ ಅಲ್ಲದೆ ಆ ಪುಟವೇ ಅವರದ್ದು.

ಪರದೆ ಮೇಲೆ ಚಕ್ರ ಸುತ್ತುತ್ತಲೇ ಇತ್ತು. "ಕಾಯಿರಿ ಸರ್, ಸರ್ವರ್ ನಿಧಾನ" ಅಂದ. ಆ ಹೊತ್ತಿಗೆ ಅವನು ಬೇರೆಲ್ಲೋ ಅದೇ ಕಾರ್ಡಿನಲ್ಲಿ 19,500 ರೂಪಾಯಿಗೆ ಖರೀದಿ ಮಾಡುತ್ತಿದ್ದ. ಬ್ಯಾಂಕಿನಿಂದ ಓಟಿಪಿ ಬಂತು. ಪರದೆಯ ನೆತ್ತಿಯಲ್ಲಿ ಎರಡು ಸೆಕೆಂಡ್ ಕಾಣಿಸಿ ಹೋಯಿತು. ಅವನಿಗೆ ಅಷ್ಟು ಸಾಕು. ಆರು ನಿಮಿಷ ಬಿಟ್ಟು ಇನ್ನೊಂದು, 24,000. ಮೂರನೆಯದಕ್ಕೆ ಖಾತೆಯಲ್ಲಿ ದುಡ್ಡು ಸಾಲದೆ ಬಿದ್ದುಹೋಯಿತು. ಹೋಗಿದ್ದು ಒಟ್ಟು 43,500. ಪಿಂಚಣಿ ದುಡ್ಡು.

ಇದರಲ್ಲಿ ಚಿಕ್ಕಪ್ಪ ಓಟಿಪಿ ಹೇಳಿದ್ದೆಲ್ಲಿ? ಹೇಳಲೇ ಇಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಎಲ್ಲರ ಬಾಯಲ್ಲೂ ಒಂದೇ ಮಾತು, "ಓಟಿಪಿ ಹೇಳಬೇಡಿ." ನಾನೂ ಅದನ್ನೇ ಹೇಳಿದ್ದೆ. ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಹೋದಾಗ ಚಿಕ್ಕಪ್ಪನನ್ನು ಕೂರಿಸಿಕೊಂಡು ಹೇಳಿ, ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅವರು ಅದನ್ನು ಪಾಲಿಸಿದರು. ಪಾಲಿಸಿಯೂ ದುಡ್ಡು ಕಳೆದುಕೊಂಡರು. ನಾನು ಹೇಳಬೇಕಿದ್ದ ಮಾತೇ ಬೇರೆ: "ಯಾರೋ ಹೇಳಿದರು ಅಂತ ಆ್ಯಪ್ ಹಾಕಬೇಡಿ. ಮೆಸೇಜಿನಲ್ಲಿ ಬಂದ ನಂಬರಿಗೆ ಫೋನ್ ಮಾಡಬೇಡಿ." ಅದನ್ನು ನಾನು ಹೇಳಿರಲಿಲ್ಲ. ಈ ತಪ್ಪು ನನ್ನದು. ಅವತ್ತಿನಿಂದ ಇದು ನನ್ನನ್ನು ಕೊರೆಯುತ್ತಿದೆ.

"ಆದ್ರೂ ಓದಿದವರು ಇಂಥ ಮೆಸೇಜ್ ನಂಬೋದಾ?" ಅಂತ ಕೇಳುವವರಿಗೆ ಒಂದು ವಿಷಯ ನೆನಪಿಸುತ್ತೇನೆ. 2017ರಲ್ಲಿ ನಮ್ಮೆಲ್ಲರ ಫೋನಿಗೂ ನಿಜವಾದ ಮೆಸೇಜ್‌ಗಳೇ ಬಂದಿದ್ದವು. ಸಿಮ್‌ಗೆ ಆಧಾರ್ ಜೋಡಿಸಿ, ಇಲ್ಲದಿದ್ದರೆ ನಂಬರ್ ನಿಲ್ಲುತ್ತದೆ ಅಂತ. ಅಂಗಡಿ ಮುಂದೆ ಬೆರಳಚ್ಚು ಕೊಡಲು ಸಾಲು ನಿಂತಿದ್ದೆವು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯವಲ್ಲ ಅಂತ ತೀರ್ಪು ಕೊಟ್ಟಿತು. ಆ ಸಾಲು ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಚಿಕ್ಕಪ್ಪ ಅಂಥ ಮೆಸೇಜನ್ನು ನಂಬಿದ್ದು ದಡ್ಡತನದಿಂದ ಅಲ್ಲ, ಹಿಂದೊಮ್ಮೆ ಅದು ನಿಜವಾಗಿದ್ದರಿಂದ.

ಇನ್ನೊಂದು ಮಾತೂ ಬರುತ್ತದೆ: "ಒಂದು ವೇಳೆ ನಿಜವಾಗಿಯೂ ಕೆವೈಸಿ ಕೇಳಿದ್ದರೆ?" ಸರಿ, ಮರುಪರಿಶೀಲನೆ ಅನ್ನೋದು ಇದೆ. ಆದರೆ ಅದು ಹೇಗೆ ನಡೆಯುತ್ತದೆ ನೋಡಿ. ಒಬ್ಬರ ಹೆಸರಿನಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಿಮ್ ಇದ್ದರೆ ಪರಿಶೀಲಿಸಿ ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತು. ಆಗಲೂ ಹೊರಹೋಗುವ ಕರೆ ನಿಲ್ಲಿಸಲು 30 ದಿನ, ಒಳಬರುವ ಕರೆ ನಿಲ್ಲಿಸಲು 45 ದಿನ, ನಂಬರ್ ಪೂರ್ತಿ ಕಡಿಯಲು 60 ದಿನ ಕೊಟ್ಟಿದ್ದರು. 24 ಗಂಟೆ ಅಲ್ಲ. ನಿಮಗೆ ಅನುಮಾನ ಇದ್ದರೆ 198 ಒತ್ತಿ. ಯಾವ ಕಂಪನಿಯ ಸಿಮ್ ಇದ್ದರೂ ಅದರ ದೂರು ವಿಭಾಗಕ್ಕೆ ಹೋಗುತ್ತದೆ. ಇಲ್ಲವೇ ಗುರುತಿನ ಚೀಟಿ ಹಿಡಿದು ಅಂಗಡಿಗೆ ಹೋಗಿ. ಮೆಸೇಜಿನಲ್ಲಿರುವ ನಂಬರಿನಿಂದ ಮೆಸೇಜನ್ನು ಪರೀಕ್ಷೆ ಮಾಡಲು ಆಗುವುದಿಲ್ಲ.

ಕಳಿಸಿದವರ ಹೆಸರು ನೋಡುವುದೂ ಉಪಯೋಗಕ್ಕೆ ಬರುತ್ತದೆ. ಕಂಪನಿಗಳ ಮೆಸೇಜ್ ಅಕ್ಷರಗಳ ಹೆಸರಿನಲ್ಲಿ ಬರುತ್ತವೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಗುರುತೂ ಇರುತ್ತದೆ: -S ಅಂದರೆ ಸೇವೆ, -T ಅಂದರೆ ವಹಿವಾಟು, -P ಅಂದರೆ ಜಾಹೀರಾತು, -G ಅಂದರೆ ಸರ್ಕಾರ. ಚಿಕ್ಕಪ್ಪನಿಗೆ ಬಂದಿದ್ದು ಹತ್ತಂಕಿಯ ನಂಬರಿನಿಂದ. ಅಲ್ಲೇ ಗೊತ್ತಾಗಬೇಕಿತ್ತು. ಆದರೆ ಅಕ್ಷರದ ಹೆಸರಿದ್ದ ಮಾತ್ರಕ್ಕೆ ನಂಬಿಬಿಡಬೇಡಿ, ಹೆಸರನ್ನೂ ದುರುಪಯೋಗ ಮಾಡುತ್ತಾರೆ.

ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಆದರೆ ನಿನ್ನೆಯ ಆ ನಗು ನನ್ನನ್ನು ಬಿಡುತ್ತಿಲ್ಲ.

ದುಡ್ಡು ಹೋಗಿದ್ದು ಚಿಕ್ಕಪ್ಪನಿಗೆ ಹನ್ನೊಂದು ಮುಕ್ಕಾಲಿಗೇ ಗೊತ್ತಾಗಿತ್ತು. ನನಗೆ ಫೋನ್ ಮಾಡಿದ್ದು ಸಂಜೆ ಆರೂವರೆಗೆ. ಹೆಚ್ಚುಕಮ್ಮಿ ಏಳು ಗಂಟೆ ಅವರು ಜಗಲಿ ಮೇಲೆ ಸುಮ್ನೆ ಕೂತಿದ್ದರು. ಯಾಕೆ ಅಂತ ಕೇಳಿದರೆ, "ಎಲ್ಲರೂ ಬೈತಾರೆ ಅನ್ನಿಸ್ತಮ್ಮ" ಅಂದರು. ಚಿಕ್ಕಮ್ಮನಿಗೂ ಹೇಳಿರಲಿಲ್ಲ.

ಆ ಏಳು ಗಂಟೆಯ ಬೆಲೆ ಏನು ಅಂತ ಬ್ಯಾಂಕಿನವಳಾಗಿ ನನಗೆ ಗೊತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅವರು ದುಡ್ಡು ಹೋದ ಖಾತೆ ಅಥವಾ ವ್ಯಾಲೆಟ್ ಯಾವುದು ಅಂತ ಹುಡುಕಿ, ಅಲ್ಲಿ ಉಳಿದಿದ್ದನ್ನು ತಡೆಹಿಡಿಸುತ್ತಾರೆ. ಕಳ್ಳರು ದುಡ್ಡನ್ನು ಒಂದೇ ಕಡೆ ಇಡುವುದಿಲ್ಲ, ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾರೆ. ನಾವು ಫೋನ್ ಮಾಡಿದಾಗ ತಡೆಹಿಡಿಯಲು ಸಿಕ್ಕಿದ್ದು 6,300 ಮಾತ್ರ. ಅದೂ ಇನ್ನೂ ಕೈಗೆ ಬಂದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಕಾರ್ಡಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಅಂದರೆ ತಿಳಿಸಿದ ಗಳಿಗೆಯೇ ಗೆರೆ. ನಾಚಿಕೆಯಿಂದ ಸುಮ್ನೆ ಕೂತಷ್ಟು ಹೊತ್ತು ನಾವು ಆ ಗೆರೆಯ ತಪ್ಪು ಕಡೆ ಇರುತ್ತೇವೆ.

ಆ್ಯಪ್ ಹಾಕಿಬಿಟ್ಟಿದ್ದೀರಿ ಅಂತ ಗೊತ್ತಾದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ. ಆಗ ಅವನ ಕಣ್ಣು ಮುಚ್ಚುತ್ತದೆ. ಅವನ ಜೊತೆ ಜಗಳಕ್ಕೆ ನಿಲ್ಲಬೇಡಿ, ಆ ಹೊತ್ತಲ್ಲೇ ಇನ್ನೊಂದು ವಹಿವಾಟು ಆಗಿಹೋಗುತ್ತದೆ. ಪಕ್ಕದ ಮನೆಯವರ ಫೋನ್ ಇಸಿದುಕೊಂಡು, ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ. ಮರುಕ್ಷಣವೇ 1930. ಎಷ್ಟು ಹೊತ್ತಿಗೆ, ಎಷ್ಟು ಮೊತ್ತ, ವಹಿವಾಟಿನ ಸಂಖ್ಯೆ ಏನು ಅಂತ ಕೇಳುತ್ತಾರೆ. ಅವೆಲ್ಲ ಬ್ಯಾಂಕಿನ ಮೆಸೇಜಿನಲ್ಲೇ ಇರುತ್ತವೆ, ಅಳಿಸಬೇಡಿ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ. ಆ್ಯಪ್ ತೆಗೆಯುವುದು, ಪಾಸ್‌ವರ್ಡ್ ಬದಲಿಸುವುದು ಎಲ್ಲ ಅದಾದ ಮೇಲೆ.

ದುಡ್ಡು ಹೋಗಿಲ್ಲ, ಬರೀ ಮೆಸೇಜ್ ಬಂದಿದೆ ಅಂದರೆ 1930 ಬೇಡ. sancharsaathi.gov.in ನಲ್ಲಿ ಚಕ್ಷು ಅಂತ ಒಂದು ವಿಭಾಗ ಇದೆ. ಮೆಸೇಜಿನ ಚಿತ್ರ ತೆಗೆದು ಅಲ್ಲಿ ಹಾಕಿ.

ನಿನ್ನೆ ಊಟ ಮುಗಿದ ಮೇಲೆ ಚಿಕ್ಕಪ್ಪ ನನ್ನನ್ನು ಹಿತ್ತಲಿಗೆ ಕರೆದು ಫೋನ್ ತೋರಿಸಿದರು. ಮತ್ತೆ ಅದೇ ಮೆಸೇಜ್, ಬೇರೆ ನಂಬರಿನಿಂದ. "ಇದು ಬಂದು ನಾಲ್ಕು ದಿನ ಆಯ್ತು. ಯಾರಿಗೆ ತೋರಿಸೋದು ಅಂತ ಗೊತ್ತಾಗಲಿಲ್ಲ" ಅಂದರು. ತೆಂಗಿನ ಮರದ ಬುಡದಲ್ಲಿ ಇಬ್ಬರೂ ಕೂತು ಚಕ್ಷುವಿನಲ್ಲಿ ಹಾಕಿದೆವು. ಟೈಪ್ ಮಾಡಿದ್ದು ಅವರೇ. ಕನ್ನಡಕ ಒಳಗೆ ಬಿಟ್ಟು ಬಂದಿದ್ದರು, ಅದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.