ಹುಣಸೆ ಬೀಜ ಇದ್ದರೆ ಚೌಕಾಬಾರ

"ಮಳೆ ರಜೆ, ಏಳು ವರ್ಷದ ಮಗ. ಟಿವಿ, ಮೊಬೈಲ್ ಕೊಡದೆ ಮನೆಯೊಳಗೆ ಹೇಗೆ ಹಿಡಿದಿಡೋದು?"

ಚೌಕಾಬಾರ ಆಡಿಸಿ, ಆದರೆ ದಾಳವನ್ನೂ ಅವನಿಂದಲೇ ಮಾಡಿಸಿ. ಅರ್ಧ ದಿನ ಅದರಲ್ಲೇ ಕಳೆಯುತ್ತೆ. ಹುರಿಯದ, ದಪ್ಪನೆಯ ನಾಲ್ಕು ಹುಣಸೆ ಬೀಜ ಸಾಕು. ಹುರಿದದ್ದರ ಸಿಪ್ಪೆ ಎರಡೂ ಕಡೆ ಕಳಚಿಬಿಡುತ್ತೆ. ಒರಟು ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಒಂದೇ ಮುಖ ಪೂರ್ತಿ ಬೆಳ್ಳಗಾಗುವ ತನಕ ತೇಯಲಿ. ಮಕ್ಕಳು ಸಾಮಾನ್ಯವಾಗಿ ಬೇಗ ನಿಲ್ಲಿಸಿಬಿಡ್ತಾರೆ. ಆಗ ಬೀಜ ಅಂಚಿನ ಮೇಲೆ ವಾಲಿ ನಿಂತು ಜಗಳ ಶುರು. ಒಂದೊಂದನ್ನೂ ಇಪ್ಪತ್ತು ಸಲ ಎಸೆದು ನೋಡಿ. ಹದಿನೈದಕ್ಕಿಂತ ಹೆಚ್ಚು ಸಲ ಒಂದೇ ಬಣ್ಣ ಬಿದ್ದರೆ ಬೇರೆ ಬೀಜ ತೇಯಬೇಕು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಕಟ್ಟೆಯ ಗುರುತು ಹಾಕಿ. ಬಿಳಿ ಎಷ್ಟೋ ಅಷ್ಟು ನಡೆ, ನಾಲ್ಕೂ ಕಪ್ಪಾದರೆ ಎಂಟು. ಹೊರಸುತ್ತು ಗಡಿಯಾರಕ್ಕೆ ವಿರುದ್ಧ, ಒಳಸುತ್ತು ಗಡಿಯಾರದ ದಿಕ್ಕಿಗೆ. ಈ ತಿರುವಿನಲ್ಲೇ ಎಲ್ಲರೂ ತಪ್ಪೋದು, ಬಾಣ ಬರೆದಿಡಿ. ಕಾಯಿ ಮಧ್ಯದ ಮನೆ ಸೇರಿ ಹಣ್ಣಾಗಲು ಸರಿಯಾಗಿ 24 ನಡೆ ಬೇಕು. ಎಣಿಕೆ ಬೇರೆ ಬಂದರೆ ದಾರಿ ತಪ್ಪಿದೆ ಅಂತಲೇ ಅರ್ಥ.

ತಲಾ ನಾಲ್ಕು ಕಾಯಿ ಈ ವಯಸ್ಸಿಗೆ ದೀರ್ಘ, ಎರಡರಿಂದ ಶುರು ಮಾಡಿ. ಕಾಯಿ ಹೊಡೆದರೇನೇ ಒಳಸುತ್ತು ಅನ್ನೋ ನಿಯಮ ಮೊದಲ ವಾರ ಬೇಡ, ಅಳು ಗ್ಯಾರಂಟಿ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಆಟ ಮುಗಿದ ಮೇಲೆ ಬೀಜ ಎಣಿಸಿ ಡಬ್ಬಿಗೆ ಹಾಕಿ.